ತೆರೆದ ಟಿನ್ನಿನಲ್ಲಿ ಉಳಿದ ಮೀನು, ಕಾಳು, ಟೊಮೆಟೊ: ಫ್ರಿಜ್ಜಿನಲ್ಲಿ ಯಾವುದರಲ್ಲಿ ಇಡಬೇಕು?

ಬ್ರಿಟನ್ನಿನಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು ಕಳೆದ ಚಳಿಗಾಲದಲ್ಲಿ ತನ್ನ ಫ್ರಿಜ್ಜಿನ ಒಂದು ಚಿತ್ರ ಕಳಿಸಿದ್ದಳು. ನಾಲ್ವರು ಹಂಚಿಕೊಂಡಿರುವ ಫ್ರಿಜ್ಜಿನಲ್ಲಿ ಅವಳ ಪಾಲಿಗೆ ಬಂದ ಒಂದೇ ಅಂತಸ್ತಿನಲ್ಲಿ ಮೂರು ತೆರೆದ ಟಿನ್ನುಗಳು ಸಾಲಾಗಿ ನಿಂತಿದ್ದವು. ಒಂದರಲ್ಲಿ ಅರ್ಧ ರಾಜ್ಮಾ, ಇನ್ನೊಂದರಲ್ಲಿ ಟೊಮೆಟೊ ಪ್ಯೂರಿ, ಮತ್ತೊಂದರಲ್ಲಿ ಎಣ್ಣೆಯಲ್ಲಿದ್ದ ಟ್ಯೂನ ಮೀನು ಇದ್ದವು. ಮೂರರ ಬಾಯಿಗೂ ಅಲ್ಯೂಮಿನಿಯಂ ಫಾಯಿಲ್ ಸುತ್ತಿತ್ತು. "ದೊಡ್ಡಮ್ಮ, ಒಬ್ಬಳು ಟಿನ್ನಿನಲ್ಲೇ ಇಡಬಾರದು ಅಂತಾಳೆ, ಇನ್ನೊಬ್ಬಳು ಏನೂ ಆಗಲ್ಲ ಅಂತಾಳೆ. ಯಾರ ಮಾತು ಕೇಳಲಿ?" ಎಂದು ಕೇಳಿದಳು.

ಅವಳ ಗೊಂದಲಕ್ಕೆ ಕಾರಣವಿದೆ. ಸರ್ಕಾರಿ ಸಂಸ್ಥೆಗಳೇ ಈ ವಿಷಯದಲ್ಲಿ ಎರಡು ಬಗೆಯಾಗಿ ಹೇಳುತ್ತವೆ. ಬ್ರಿಟನ್ನಿನ ಆಹಾರ ಸುರಕ್ಷತೆಯ ಸಲಹೆಯ ಪ್ರಕಾರ, ತೆರೆದ ಟಿನ್ನಿನಲ್ಲಿ ಆಹಾರ ಉಳಿಸಬಾರದು, ಬೇರೆ ಪಾತ್ರೆಗೆ ಸುರಿದು ಫ್ರಿಜ್ಜಿನಲ್ಲಿಡಬೇಕು. ಅಮೆರಿಕದ ಕೃಷಿ ಇಲಾಖೆಯ ಪ್ರಕಾರ, ಟಿನ್ನಿನಲ್ಲೇ ಇಟ್ಟರೆ ಅಪಾಯವಿಲ್ಲ, ಆದರೆ ಗಾಜಿನ ಅಥವಾ ಪ್ಲಾಸ್ಟಿಕ್ ಪಾತ್ರೆಗೆ ಹಾಕಿದರೆ ರುಚಿ ಚೆನ್ನಾಗಿ ಉಳಿಯುತ್ತದೆ. ಒಂದು ಸಲಹೆ ಲೋಹ ಕರಗುವ ಸಾಧ್ಯತೆಯನ್ನು ಮುಂದಿಟ್ಟುಕೊಂಡಿದೆ. ಇನ್ನೊಂದು, ಒಂದೆರಡು ದಿನದಲ್ಲಿ ಯಾರಿಗೂ ಹಾನಿಯಾಗುವಷ್ಟು ಲೋಹ ಸಾಮಾನ್ಯವಾಗಿ ಕರಗುವುದಿಲ್ಲ ಎಂಬುದನ್ನು. ನನ್ನ ಅಭಿಪ್ರಾಯದಲ್ಲಿ ಈ ಪ್ರಶ್ನೆಗೆ ಮೂರೂ ಪದಾರ್ಥಗಳಿಗೆ ಹೊಂದುವ ಒಂದೇ ಉತ್ತರವಿಲ್ಲ. ಟೊಮೆಟೊವನ್ನು ಟಿನ್ನಿನಿಂದ ತೆಗೆಯಬೇಕಾದ ಕಾರಣ ಬೇರೆ, ಮೀನನ್ನು ತೆಗೆಯಬೇಕಾದ ಕಾರಣ ಬೇರೆ, ಕಾಳಿನ ವಿಷಯದಲ್ಲಿ ಒಂದು ರಾತ್ರಿಯ ಮಟ್ಟಿಗೆ ಸಡಿಲಿಕೆಗೂ ಜಾಗವಿದೆ.

ಯಾವ ಅಳತೆಗೋಲು?

ಪಾತ್ರೆ ಆರಿಸುವ ಮೊದಲು ನಾನು ಮೂರು ವಿಷಯ ನೋಡುತ್ತೇನೆ. ಆಹಾರ ಎಷ್ಟು ಹುಳಿಯಾಗಿದೆ, ಅಂದರೆ ಅದು ಲೋಹವನ್ನು ಎಷ್ಟು ಕೆಣಕುತ್ತದೆ ಎಂಬುದು ಮೊದಲನೆಯದು. ಪಾತ್ರೆಯ ಬಾಯಿ ಎಷ್ಟು ಬಿಗಿಯಾಗಿ ಮುಚ್ಚುತ್ತದೆ ಎಂಬುದು ಎರಡನೆಯದು. ವಾಸನೆ, ಒಣಗುವಿಕೆ, ಬೂಷ್ಟು ಮತ್ತು ಫ್ರಿಜ್ಜಿನೊಳಗಿನ ಬೇರೆ ಪದಾರ್ಥಗಳ ಸೋಂಕು ಎಲ್ಲವೂ ಇದನ್ನೇ ಅವಲಂಬಿಸಿವೆ. ಉಳಿದದ್ದನ್ನು ನಾಳೆ ತಿನ್ನುತ್ತೇವೆಯೇ, ಈ ವಾರದಲ್ಲೇ, ಅಥವಾ ಯಾವಾಗಲೋ ಎಂಬುದು ಮೂರನೆಯದು. ಬೆಲೆ ಮತ್ತು ಜಾಗದ ಲೆಕ್ಕ ಆಮೇಲೆ ಬರುತ್ತದೆ, ಏಕೆಂದರೆ ಇಲ್ಲಿ ಹೇಳುವ ಯಾವ ದಾರಿಗೂ ಹೆಚ್ಚು ಖರ್ಚಿಲ್ಲ.

ಇನ್ನೊಂದು ಮಾತು. ಇಲ್ಲಿ ಕಾಳು ಎಂದರೆ ಉಪ್ಪುನೀರಿನಲ್ಲಿ ಬೇಯಿಸಿ ತುಂಬಿದ ರಾಜ್ಮಾ, ಕಾಬೂಲಿ ಕಡಲೆ, ಬಿಳಿ ಅವರೆಯಂಥವು. ನಮ್ಮ ತರಕಾರಿ ಬೀನ್ಸ್ ಅಲ್ಲ. ಬ್ರಿಟನ್ನಿನವರು ಬೆಳಗಿನ ಬ್ರೆಡ್ಡಿನ ಮೇಲೆ ಸುರಿದುಕೊಳ್ಳುವ, ಟೊಮೆಟೊ ರಸದಲ್ಲಿರುವ ಬೇಕ್ಡ್ ಬೀನ್ಸನ್ನು ನಾನು ಟೊಮೆಟೊ ಜೊತೆಗೇ ಸೇರಿಸುತ್ತೇನೆ.

ಟಿನ್ನಿನಲ್ಲೇ ಬಿಡುವುದು

ಟಿನ್ ಎಂದು ನಾವು ಕರೆಯುವ ಡಬ್ಬಿ ಸಾಮಾನ್ಯವಾಗಿ ತೆಳುವಾದ ಉಕ್ಕಿನ ತಗಡು. ಅದರ ಮೇಲೆ ತವರದ ಲೇಪವಿರುತ್ತದೆ. ಆ ಲೇಪದ ದಪ್ಪ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಒಂದರ ಆಸುಪಾಸು ಮಾತ್ರ. ನಮ್ಮ ಅಜ್ಜಿಯರ ಹಿತ್ತಾಳೆ ಪಾತ್ರೆಗೆ ಕಲಾಯಿಯವರು ಹಾಕುತ್ತಿದ್ದುದೂ ಇದೇ ತವರ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಮಾಡಬೇಡ, ಮಾಡಿದರೂ ಇಟ್ಟಿರಬೇಡ ಎಂದು ಅವರು ಹೇಳುತ್ತಿದ್ದುದು ಯಾಕೆಂದು ಬಲ್ಲವರಿಗೆ ಈ ಟಿನ್ನಿನ ಕಥೆಯ ಅರ್ಧ ಆಗಲೇ ಗೊತ್ತಿದೆ: ಹುಳಿ ಲೋಹವನ್ನು ಕರಗಿಸುತ್ತದೆ, ಹೊತ್ತು ಹೋದಷ್ಟೂ ಹೆಚ್ಚು ಕರಗಿಸುತ್ತದೆ.

ಇನ್ನರ್ಧ ಗಾಳಿಗೆ ಸಂಬಂಧಿಸಿದ್ದು. ಕಾರ್ಖಾನೆಯಲ್ಲಿ ಮುಚ್ಚಿದ ಡಬ್ಬಿಯೊಳಗೆ ಆಮ್ಲಜನಕ ತೀರ ಕಡಿಮೆ, ಇದ್ದದ್ದೂ ಬೇಗ ಮುಗಿದುಹೋಗುತ್ತದೆ. ಆಮೇಲೆ ತವರ ಬಹಳ ನಿಧಾನವಾಗಿ ಕರಗುತ್ತದೆ. ಅದಕ್ಕೇ ಮುಚ್ಚಿದ ಡಬ್ಬಿ ಎರಡು ವರ್ಷ ಕಪಾಟಿನಲ್ಲಿದ್ದರೂ ಕೆಡುವುದಿಲ್ಲ. ಮುಚ್ಚಳ ಕತ್ತರಿಸಿದ ಕೂಡಲೇ ಹೊಸ ಗಾಳಿ ಒಳಗೆ ಬರುತ್ತದೆ, ಹುಳಿಯೂ ಗಾಳಿಯೂ ಸೇರಿದಾಗ ಕರಗುವ ವೇಗ ಏರುತ್ತದೆ. ಎರಡು ವರ್ಷ ಏನೂ ಆಗದ ಡಬ್ಬಿಯಲ್ಲಿ ಎರಡು ದಿನಕ್ಕೆ ಏನಾದೀತು ಎಂಬ ವಾದ ನಿಲ್ಲದಿರುವುದು ಇದೇ ಕಾರಣಕ್ಕೆ.

ಈಗ ನಿಮ್ಮ ಕೈಯಲ್ಲಿರುವ ಡಬ್ಬಿಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಒಳಗೋಡೆ ಬಿಳಿಯಾಗಿಯೋ ಜೇನುಬಣ್ಣವಾಗಿಯೋ ಇದ್ದರೆ ಲೋಹದ ಮೇಲೆ ರಕ್ಷಣೆಯ ಇನ್ನೊಂದು ಲೇಪವಿದೆ, ಆಹಾರ ಲೋಹವನ್ನು ನೇರವಾಗಿ ಮುಟ್ಟುತ್ತಿಲ್ಲ. ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಅದು ಸಾಮಾನ್ಯವಾಗಿ ಬರೀ ತವರ. ಅನಾನಸಿನಂಥ ಹಣ್ಣುಗಳಿಗೆ, ಕೆಲವೊಮ್ಮೆ ಟೊಮೆಟೊಗೆ ಹೀಗೆ ಬೇಕೆಂದೇ ಬರಿದಾಗಿ ಬಿಡುತ್ತಾರೆ. ತವರವು ಒಳಗಿನ ಆಮ್ಲಜನಕವನ್ನು ತಾನೇ ಹೀರಿಕೊಂಡು ಆಹಾರದ ಬಣ್ಣ ರುಚಿಗಳನ್ನು ಕಾಯುತ್ತದೆ. ಮುಚ್ಚಿರುವವರೆಗೆ ಇದು ಒಳ್ಳೆಯ ಉಪಾಯ. ತೆರೆದ ಮೇಲೆ ಅದೇ ತವರ ಆಹಾರಕ್ಕೆ ಇಳಿಯುತ್ತದೆ. ಟೊಮೆಟೊ ಒಂದೆರಡು ದಿನ ಕೂತ ಬರಿಗೋಡೆಯಲ್ಲಿ ರಸದ ಮಟ್ಟಕ್ಕೆ ಸರಿಯಾಗಿ ಮಂಕಾದ ಬೂದು ಪಟ್ಟೆಯೊಂದು ಕಾಣುತ್ತದೆ, ಕೆಲವೊಮ್ಮೆ ಗರಿಗರಿಯಾದ ಚಿತ್ತಾರ ಮೂಡಿರುತ್ತದೆ. ಅಷ್ಟು ತವರ ಅಲ್ಲಿಂದ ಹೋಗಿದೆ ಎಂಬುದರ ಗುರುತು ಅದು. ನಾಲಗೆಗೆ ಲೋಹದ ಕಹಿ ತಗಲುವುದು ಎರಡನೆಯ ಗುರುತು.

ಇದು ಎಷ್ಟು ಅಪಾಯ? ಡಬ್ಬಿಯ ಆಹಾರದಲ್ಲಿ ತವರದ ಮಿತಿಯನ್ನು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಕಿಲೋಗೆ 250 ಮಿಲಿಗ್ರಾಂ ಎಂದೂ ಯುರೋಪಿನ ಒಕ್ಕೂಟ 200 ಮಿಲಿಗ್ರಾಂ ಎಂದೂ ಇಟ್ಟಿವೆ. ಅದನ್ನು ಮೀರಿದ ಆಹಾರ ತಿಂದರೆ ಹೊಟ್ಟೆ ನುಲಿತ, ವಾಕರಿಕೆ, ವಾಂತಿ ಬರಬಹುದು. ತವರ ದೇಹದಲ್ಲಿ ಹೆಚ್ಚು ಹೀರಿಕೆಯಾಗುವುದಿಲ್ಲವಾದ್ದರಿಂದ ಅವು ಬೇಗ ಇಳಿಯುತ್ತವೆ. ಲೇಪವಿರುವ ಡಬ್ಬಿಯಲ್ಲಿ ಒಂದು ರಾತ್ರಿ ಉಳಿದ ಪ್ಯೂರಿಯನ್ನು ತಿಂದವರು ಗಾಬರಿಪಡಬೇಕಾಗಿಲ್ಲ. ಬರಿ ತವರದ ಡಬ್ಬಿಯಲ್ಲಿ ನಾಲ್ಕು ದಿನ ಉಳಿದ ಪ್ಯೂರಿಯನ್ನು ಮಾತ್ರ ನಾನು ಚೆಲ್ಲುತ್ತೇನೆ. ಲೇಪವಿದ್ದರೂ ಚಮಚದಿಂದ ಕೆರೆದ ಕಡೆ, ಡಬ್ಬಿ ತಗ್ಗುಬಿದ್ದ ಕಡೆ, ಕಟರ್ ಕೊಯ್ದ ಅಂಚಿನಲ್ಲಿ ಅದು ಹರಿದಿರುತ್ತದೆ. ಅಲ್ಲಿ ಉಕ್ಕು ಬಯಲಾಗಿ ತುಕ್ಕಿನ ಗೆರೆ ಏಳುತ್ತದೆ.

ಲೋಹದ ಮಾತು ಬಿಟ್ಟರೂ ಟಿನ್ನಿಗೆ ಇನ್ನೊಂದು ಕೊರತೆಯಿದೆ: ಅದನ್ನು ಮತ್ತೆ ಬಿಗಿಯಾಗಿ ಮುಚ್ಚಲಾಗುವುದಿಲ್ಲ. ತಟ್ಟೆ ಮುಚ್ಚಿದರೆ ಸಂದಿಯಿರುತ್ತದೆ, ಅರೆಬರೆ ಕತ್ತರಿಸಿದ ಮುಚ್ಚಳವನ್ನು ಒತ್ತಿದರೆ ಬೆರಳು ಕೊಯ್ಯುತ್ತದೆ. ಉಳಿದದ್ದು ಫಾಯಿಲ್. ಒಮ್ಮೆ ನಾನೂ ಪ್ಯೂರಿ ಅಂಚಿನವರೆಗೆ ತುಂಬಿದ್ದ ಡಬ್ಬಿಗೆ ಫಾಯಿಲ್ ಒತ್ತಿ ಇಟ್ಟಿದ್ದೆ. ಮೂರನೆಯ ದಿನ ತೆಗೆದು ನೋಡಿದರೆ ಪ್ಯೂರಿ ತಗುಲಿದ ಕಡೆಯೆಲ್ಲ ಫಾಯಿಲ್ಲಿಗೆ ಸೂಜಿಯಿಂದ ಚುಚ್ಚಿದಂತೆ ಸಣ್ಣ ಸಣ್ಣ ತೂತುಗಳು ಬಿದ್ದಿದ್ದವು, ಅದರ ಕೆಳಗೆ ಪ್ಯೂರಿಯ ಮೇಲೆ ಬೂದುಗಪ್ಪು ಚುಕ್ಕೆಗಳಿದ್ದವು. ಒಂದು ಕಡೆ ಉಕ್ಕು, ಇನ್ನೊಂದು ಕಡೆ ಅಲ್ಯೂಮಿನಿಯಂ, ನಡುವೆ ಉಪ್ಪು ಹುಳಿಯ ರಸ: ಮೂರೂ ಸೇರಿ ಸಣ್ಣದೊಂದು ಬ್ಯಾಟರಿಯಾಗುತ್ತದೆ, ಅದರಲ್ಲಿ ಅಲ್ಯೂಮಿನಿಯಂ ಕರಗುತ್ತದೆ. ಆದ್ದರಿಂದ ಟೊಮೆಟೊ ಇರುವ ಲೋಹದ ಯಾವ ಪಾತ್ರೆಗೂ ಫಾಯಿಲ್ ತಗಲುವಂತೆ ಮುಚ್ಚಬಾರದು.

ಸ್ಟೀಲ್ ಡಬ್ಬಿ

"ಟಿನ್ನೂ ಲೋಹ, ಸ್ಟೀಲೂ ಲೋಹ. ಒಂದರಿಂದ ಇನ್ನೊಂದಕ್ಕೆ ಸುರಿದು ಏನು ಪ್ರಯೋಜನ?" ಎಂದು ಹುಡುಗಿ ಕೇಳಿದ್ದಳು. ಕೇಳಬೇಕಾದ ಪ್ರಶ್ನೆಯೇ. ಸ್ಟೇನ್‌ಲೆಸ್ ಸ್ಟೀಲಿನಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಕಣ್ಣಿಗೆ ಕಾಣದಷ್ಟು ತೆಳುವಾದ, ಗಟ್ಟಿಯಾದ ಪೊರೆಯನ್ನು ಕಟ್ಟುತ್ತದೆ. ಚಮಚದಿಂದ ಗೀರಿದರೂ ಆ ಪೊರೆ ತಾನಾಗಿ ಮತ್ತೆ ಮೂಡುತ್ತದೆ. ಟಿನ್ನನ್ನು ಕೆಡಿಸುವ ಗಾಳಿಯೇ ಸ್ಟೀಲನ್ನು ಕಾಯುತ್ತದೆ. ನಾಲ್ಕೈದು ದಿನದ ಟೊಮೆಟೊವನ್ನು ಒಳ್ಳೆಯ ಸ್ಟೀಲ್ ಡಬ್ಬಿ ಯಾವ ತೊಂದರೆಯೂ ಇಲ್ಲದೆ ಹಿಡಿಯುತ್ತದೆ.

ಊರಿಂದ ಹೊರಡುವಾಗ ಅಮ್ಮ ಚಕ್ಕುಲಿ ತುಂಬಿ ಕೊಟ್ಟ ಡಬ್ಬಿ ಹೇಗೂ ಮನೆಯಲ್ಲಿರುತ್ತದೆ, ಆದ್ದರಿಂದ ಖರ್ಚಿಲ್ಲ. ಅದು ವಾಸನೆ ಹೀರುವುದಿಲ್ಲ, ಒಡೆಯುವುದಿಲ್ಲ, ಫ್ರಿಜ್ಜಿನಲ್ಲಿ ಬೇಗ ತಣ್ಣಗಾಗುತ್ತದೆ. ಕೊರತೆಯೂ ಇದೆ. ಒಳಗೇನಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಕಾಣದ್ದು ಮರೆತುಹೋಗುತ್ತದೆ, ಮರೆತದ್ದಕ್ಕೆ ಬೂಷ್ಟು ಹಿಡಿಯುತ್ತದೆ. ದಿನಾಂಕ ಬರೆದ ಕಾಗದದ ಟೇಪನ್ನು ಅಂಟಿಸುವ ಶಿಸ್ತು ಇದ್ದವರಿಗೆ ಇದು ಒಳ್ಳೆಯ ಆಯ್ಕೆ. ಬರೀ ಕವಚಿ ಮುಚ್ಚುವ ಹಳೆಯ ಮಾದರಿಯ ಡಬ್ಬಿ ಮೀನಿನ ವಾಸನೆಯನ್ನು ತಡೆಯುವುದಿಲ್ಲ. ರಬ್ಬರ್ ಉಂಗುರವೋ ಕ್ಲಿಪ್ಪೋ ಇರುವುದು ಬೇಕು. ಮೈಕ್ರೋವೇವ್‌ನಲ್ಲಿ ಬಿಸಿ ಮಾಡುವವರಿಗೂ ಇದು ಆಗುವುದಿಲ್ಲ.

ಗಾಜು ಮತ್ತು ಪ್ಲಾಸ್ಟಿಕ್

ಟೊಮೆಟೊಗೆ ನಾನು ಗಾಜನ್ನೇ ಮೊದಲ ಸ್ಥಾನದಲ್ಲಿಡುತ್ತೇನೆ. ಗಾಜು ಹುಳಿಗೂ ಜಗ್ಗುವುದಿಲ್ಲ, ಬಣ್ಣ ಹಿಡಿಯುವುದಿಲ್ಲ, ಬೂಷ್ಟಿನ ಮೊದಲ ಬಿಳಿ ಚುಕ್ಕೆ ಹೊರಗಿನಿಂದಲೇ ಕಾಣುತ್ತದೆ. ದುಡ್ಡು ಕೊಟ್ಟು ತರಬೇಕಾಗಿಯೂ ಇಲ್ಲ: ಖಾಲಿಯಾದ ಜಾಮ್ ಬಾಟಲಿಯನ್ನು ಸಾಬೂನಿನಿಂದ ತೊಳೆದು, ಬಿಸಿನೀರಿನಲ್ಲಿ ಗಲಬರಿಸಿ, ಬೋರಲು ಹಾಕಿ ಪೂರ್ತಿ ಒಣಗಿಸಿದರೆ ಸಾಕು. ಉಪ್ಪಿನಕಾಯಿ ಬಾಟಲಿಯ ಮುಚ್ಚಳಕ್ಕೆ ಹತ್ತಿದ ವಾಸನೆ ಹೋಗುವುದಿಲ್ಲ, ಅದನ್ನು ಬಿಡಿ. ಭಾರ ಮತ್ತು ಒಡೆಯುವ ಭಯ ಗಾಜಿನ ಕೊರತೆಗಳು. ಹಂಚಿಕೊಂಡ ಫ್ರಿಜ್ಜಿನಲ್ಲಿ ಬೇರೆಯವರ ಕೈ ತಗುಲಿ ಬೀಳುವುದು ಅಪರೂಪವಲ್ಲ.

ಪ್ಲಾಸ್ಟಿಕ್ ಡಬ್ಬಿ ಹಗುರ, ಬಿಗಿ ಮುಚ್ಚಳ, ಕಡಿಮೆ ಬೆಲೆ. ಕಾಳಿಗೆ ಅದು ಧಾರಾಳವಾಗಿ ಸಾಕು. ಟೊಮೆಟೊದ ಕೆಂಪು ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದಾದ್ದರಿಂದ ಪ್ಲಾಸ್ಟಿಕ್ಕಿಗೆ ಹತ್ತಿದ್ದು ಬಿಡುವುದಿಲ್ಲ, ಮೀನಿನ ಎಣ್ಣೆಯ ವಾಸನೆಯೂ ಹಾಗೆಯೇ. ಪ್ಲಾಸ್ಟಿಕ್ ಮಾತ್ರ ಇರುವವರು ಒಂದು ಡಬ್ಬಿಯನ್ನು ಮೀನಿಗೆಂದೇ ಮೀಸಲಿಡುವುದು ಒಳಿತು.

ಫ್ರೀಜರ್

ಮೂರು ದಿನದೊಳಗೆ ತಿನ್ನುವುದಿಲ್ಲ ಎಂದು ಗೊತ್ತಿದ್ದರೆ ಪಾತ್ರೆಯ ಚರ್ಚೆಯನ್ನೇ ಬಿಟ್ಟು ನೇರವಾಗಿ ಫ್ರೀಜರಿಗೆ ಹಾಕಿ. ಟೊಮೆಟೊ ಪ್ಯೂರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ: ಐಸ್ ಟ್ರೇಯ ಒಂದು ಗುಳಿಗೆ ಒಂದು ದೊಡ್ಡ ಚಮಚದಷ್ಟು ಸುರಿದು, ಗಟ್ಟಿಯಾದ ಮೇಲೆ ಗಡ್ಡೆಗಳನ್ನು ಬಿಡಿಸಿ ಜಿಪ್ ಚೀಲಕ್ಕೆ ಹಾಕಿದರೆ, ಬೇಕಾದಾಗ ಎರಡು ಗಡ್ಡೆ ತೆಗೆದು ಒಗ್ಗರಣೆಗೆ ಹಾಕಬಹುದು. ಕಾಳನ್ನು ನೀರು ಬಸಿದು ಚೀಲದಲ್ಲಿ ಒಂದೇ ಪದರವಾಗಿ ಹರಡಿ ಇಟ್ಟರೆ ಮುದ್ದೆಯಾಗುವುದಿಲ್ಲ. ಎರಡೂ ಎರಡು ಮೂರು ತಿಂಗಳು ರುಚಿಗೆಡದೆ ಇರುತ್ತವೆ. ಡಬ್ಬಿಯ ಮೀನು ಮಾತ್ರ ಫ್ರೀಜರಿನಲ್ಲಿ ಒಣಗಿ ನಾರುನಾರಾಗುತ್ತದೆ. ಅದನ್ನು ಆಲೂಗಡ್ಡೆ ಜೊತೆ ಕಲಸಿ ಕಟ್ಲೆಟ್ ಮಾಡಿ ಇಡುವುದು ಮೇಲು. ಗಾಜಿನ ಬಾಟಲಿಯನ್ನು ಫ್ರೀಜರಿಗೆ ಹಾಕುವವರು ಮೇಲೆ ಎರಡು ಬೆರಳಿನಷ್ಟು ಜಾಗ ಬಿಡಬೇಕು, ಹೆಪ್ಪುಗಟ್ಟಿದ ರಸ ಹಿಗ್ಗಿ ಬಾಟಲಿಯನ್ನು ಸೀಳುತ್ತದೆ. ತೆರೆದ ಟಿನ್ನನ್ನು ಹಾಗೆಯೇ ಫ್ರೀಜರಿನಲ್ಲಿಡುವುದಂತೂ ಬೇಡ.

ಮೀನಿನ ವಿಷಯ ಬೇರೆ

ಮೀನು ಹುಳಿಯಲ್ಲ, ಮೀನಿನ ಡಬ್ಬಿಗಳಿಗೆ ಸಾಮಾನ್ಯವಾಗಿ ಒಳಲೇಪ ಇರುತ್ತದೆ, ಆದ್ದರಿಂದ ಇಲ್ಲಿ ಲೋಹ ಮುಖ್ಯವಲ್ಲ. ಮೀನಿನ ಡಬ್ಬಿಯ ಒಳಗೋಡೆಯಲ್ಲಿ ಕೆಲವೊಮ್ಮೆ ಕಾಣುವ ಕಪ್ಪು ಕಲೆಗೆ ಹೆದರಿ ಎಸೆಯುವವರನ್ನು ಕಂಡಿದ್ದೇನೆ. ಅದು ಮೀನಿನ ಗಂಧಕದ ಅಂಶ ಲೋಹದ ಜೊತೆ ಸೇರಿ ಆದ ಕಲೆ, ಹಾನಿಯಿಲ್ಲ. ಹೆದರಬೇಕಾದ್ದು ಕಣ್ಣಿಗೆ ಕಾಣದ್ದಕ್ಕೆ. ಟ್ಯೂನ, ಬಂಗುಡೆ, ಭೂತಾಯಿಯಂಥ ಮೀನುಗಳಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಕಾರ್ಖಾನೆಯ ಕಾವಿಗೆ ಡಬ್ಬಿಯೊಳಗಿನ ಬ್ಯಾಕ್ಟೀರಿಯಾಗಳು ಸತ್ತಿರುತ್ತವೆ, ಆದರೆ ತೆರೆದ ಮೇಲೆ ಚಮಚದಿಂದ, ಬೆರಳಿನಿಂದ, ಫ್ರಿಜ್ಜಿನ ಬೇರೆ ಪದಾರ್ಥಗಳಿಂದ ಹೊಸವು ಬರುತ್ತವೆ. ಅವುಗಳಲ್ಲಿ ಕೆಲವು ಹಿಸ್ಟಿಡಿನ್ನನ್ನು ಹಿಸ್ಟಮೀನ್ ಆಗಿ ಮಾರ್ಪಡಿಸುತ್ತವೆ. ತಂಪು ಆ ಕೆಲಸವನ್ನು ನಿಧಾನಗೊಳಿಸುತ್ತದೆ. ಒಮ್ಮೆ ಉಂಟಾದ ಹಿಸ್ಟಮೀನನ್ನು ಮಾತ್ರ ಕುದಿಸಿದರೂ ಹುರಿದರೂ ನಾಶಮಾಡಲಾಗದು. ಅಂಥ ಮೀನಿನ ವಾಸನೆ ಸರಿಯಾಗಿಯೇ ಇರಬಹುದು. ತಿಂದಾಗ ನಾಲಗೆಗೆ ಮೆಣಸು ಕಚ್ಚಿದಂತೆ ಚುರುಗುಟ್ಟುವುದು, ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ ಕಾವೇರುವುದು, ತಲೆನೋವು, ಎದೆ ಹೊಡೆದುಕೊಳ್ಳುವುದು ಅದರ ಲಕ್ಷಣಗಳು. ಚುರುಗುಟ್ಟಿದ ತುತ್ತನ್ನು ಅಲ್ಲಿಗೇ ನಿಲ್ಲಿಸಬೇಕು. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಆದ್ದರಿಂದ ಮೀನಿಗೆ ಪಾತ್ರೆ ಯಾವುದೆಂಬುದಕ್ಕಿಂತ ಮುಚ್ಚಳ, ತಂಪು ಮತ್ತು ವೇಗ ಮುಖ್ಯ. ಡಬ್ಬಿ ತೆರೆದು ತಟ್ಟೆಗೆ ಬೇಕಾದಷ್ಟು ಹಾಕಿಕೊಂಡ ಕೂಡಲೇ, ಊಟಕ್ಕೆ ಕೂರುವ ಮೊದಲೇ, ಉಳಿದದ್ದನ್ನು ಒಣ ಚಮಚದಿಂದ ಬಿಗಿ ಮುಚ್ಚಳದ ಗಾಜಿನ ಅಥವಾ ಸ್ಟೀಲ್ ಡಬ್ಬಿಗೆ ತುಂಬಿ ಒಳಗಿಡಿ. ಎಣ್ಣೆಯಲ್ಲಿದ್ದ ಮೀನಿಗೆ ಅದೇ ಎಣ್ಣೆಯನ್ನು ಮೇಲೆ ಸುರಿದರೆ ಒಣಗುವುದಿಲ್ಲ, ಆದರೆ ಎಣ್ಣೆ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ ಎಂದು ತಿಳಿಯಬೇಡಿ. ಫ್ರಿಜ್ಜಿನ ಬಾಗಿಲಿನಲ್ಲಿ ಬಿಸಿ ಹೆಚ್ಚು, ಹಿಂಭಾಗದ ಅಂತಸ್ತಿನಲ್ಲಿಡಿ. ಹುಳಿಯಿಲ್ಲದ ಡಬ್ಬಿ ಆಹಾರಕ್ಕೆ ಅಮೆರಿಕದ ಸಲಹೆ ಮೂರರಿಂದ ನಾಲ್ಕು ದಿನ, ಹುಳಿಯಿರುವುದಕ್ಕೆ ಐದರಿಂದ ಏಳು ದಿನ. ಮೀನಿಗೆ ನಾನು ಎರಡನೆಯ ದಿನವನ್ನು ದಾಟಿಸುವುದಿಲ್ಲ.

ಆ ಮೂರು ಟಿನ್ನುಗಳಿಗೆ ಏನು ಮಾಡಿದೆವು

ಫೋನಿನಲ್ಲೇ ಕೂತು ಒಂದೊಂದಾಗಿ ನೋಡಿದೆವು. ಅವಳ ಬಳಿ ಇದ್ದದ್ದು ಎರಡು ಖಾಲಿ ಜಾಮ್ ಬಾಟಲಿ, ಊರಿಂದ ಒಯ್ದ ಒಂದು ಕ್ಲಿಪ್ಪಿನ ಸ್ಟೀಲ್ ಡಬ್ಬಿ, ಹಂಚಿಕೊಂಡ ಫ್ರೀಜರಿನಲ್ಲಿ ಒಂದು ಮೂಲೆ. ಟ್ಯೂನ ಹಿಂದಿನ ದಿನ ಮಧ್ಯಾಹ್ನ ತೆರೆದದ್ದು. ಅದನ್ನು ಆ ರಾತ್ರಿಯೇ ಈರುಳ್ಳಿ, ಹಸಿಮೆಣಸು, ಕರಿಬೇವಿನ ಜೊತೆ ಪಲ್ಯ ಮಾಡಿ ಮುಗಿಸು ಎಂದೆ. ಹಾಲಿನ ಪಕ್ಕದಲ್ಲೇ ಬರೀ ಫಾಯಿಲ್ ಸುತ್ತಿಕೊಂಡಿದ್ದ ಆ ಡಬ್ಬಿಯಿಂದ ಹಾಲಿಗೂ ವಾಸನೆ ಹತ್ತಿ ಗೆಳತಿಯರ ನಡುವೆ ಆಗಲೇ ಮಾತು ಬೆಳೆದಿತ್ತಂತೆ.

ಪ್ಯೂರಿಯ ಡಬ್ಬಿಯನ್ನು ಕ್ಯಾಮೆರಾಕ್ಕೆ ಹಿಡಿಸಿ ಒಳಗೋಡೆ ನೋಡಿದೆ: ಬಿಳಿ ಲೇಪ, ಗೀರಿಲ್ಲ, ಅಂಚಿನಲ್ಲಿ ತುಕ್ಕಿಲ್ಲ, ತೆರೆದು ಒಂದೇ ದಿನ. ಅದು ಉಳಿಯಿತು. 400 ಗ್ರಾಮಿನ ಡಬ್ಬಿಯಲ್ಲಿ ಸುಮಾರು 250 ಗ್ರಾಂ ಇತ್ತು. ಮುಂದಿನ ಮೂರು ದಿನಕ್ಕೆ ಬೇಕಾದ ಅರ್ಧ ಜಾಮ್ ಬಾಟಲಿಗೆ, ಉಳಿದರ್ಧ ಐಸ್ ಟ್ರೇಗೆ ಹೋಯಿತು, ಎಂಟು ಗಡ್ಡೆಗಳಾದವು. ಒಂಟಿಯಾಗಿ ಅಡುಗೆ ಮಾಡಿಕೊಳ್ಳುವವರಿಗೆ ಈ ಹಂಚಿಕೆ ಚೆನ್ನಾಗಿ ಹೊಂದುತ್ತದೆ. ಏಕೆಂದರೆ ಪ್ಯೂರಿ ಹುಳಿಯಾದ್ದರಿಂದ ಬ್ಯಾಕ್ಟೀರಿಯಾಗೆ ಕಷ್ಟವಾದರೂ ಬೂಷ್ಟಿಗೆ ಕಷ್ಟವಲ್ಲ, ದಿನಾ ತೆರೆದು ಮುಚ್ಚುವ ಬಾಟಲಿಯಲ್ಲಿ ಅದು ನಾಲ್ಕೈದು ದಿನಕ್ಕೇ ಕಾಣಿಸಿಕೊಳ್ಳಬಹುದು. ಬೂಷ್ಟು ಬಂದ ಭಾಗವನ್ನು ಮಾತ್ರ ಎತ್ತಿಹಾಕಿ ಉಳಿದದ್ದನ್ನು ಬಳಸುವುದು ಸರಿಯಲ್ಲ, ತೆಳುವಾದ ಪದಾರ್ಥದಲ್ಲಿ ಅದರ ಎಳೆಗಳು ಕೆಳಗೂ ಇಳಿದಿರುತ್ತವೆ. ನಾಲ್ಕೈದು ಜನರ ಮನೆಯಲ್ಲಾದರೆ ಟ್ರೇಯ ಗೊಡವೆಯೇ ಬೇಡ, ಬಾಟಲಿ ಎರಡು ಸಾರಿಗೆ ಮುಗಿಯುತ್ತದೆ.

ರಾಜ್ಮಾ ಬಗ್ಗೆ ಅವಳಿಗೆ ಸ್ಟೀಲ್ ಡಬ್ಬಿಯೇ ಸಾಕಾಯಿತು. ಕಾಳನ್ನು ಅದರ ನೀರಿನ ಜೊತೆಗೇ ಹಾಕಿದಳು; ನೀರಿಲ್ಲದಿದ್ದರೆ ಮೇಲಿನ ಕಾಳಿನ ಸಿಪ್ಪೆ ಒಣಗಿ ಬಿರಿಯುತ್ತದೆ. ಇನ್ನೊಮ್ಮೆ ಪರೀಕ್ಷೆಯ ರಾತ್ರಿ ಪಾತ್ರೆ ತೊಳೆಯಲೂ ಪುರುಸೊತ್ತಿಲ್ಲದಿದ್ದರೆ, ಲೇಪವಿರುವ ಟಿನ್ನಿನಲ್ಲಿ ಕಾಳನ್ನು ಒಂದು ರಾತ್ರಿ ತಟ್ಟೆ ಮುಚ್ಚಿ ಇಟ್ಟರೆ ನಾನೇನೂ ಅನ್ನುವುದಿಲ್ಲ ಎಂದೂ ಹೇಳಿದೆ. ಕಾಳಿನ ನೀರು ಲೋಳೆಯಾಗಿ ಎಳೆ ಬರುವಂತಾದರೆ, ನೊರೆ ಎದ್ದರೆ, ಹುಳಿವಾಸನೆ ಬಂದರೆ ಚೆಲ್ಲಬೇಕು. ತೆರೆಯುವ ಮೊದಲೇ ಉಬ್ಬಿದ್ದ, ತೆರೆದಾಗ ರಸ ಚಿಮ್ಮಿದ ಡಬ್ಬಿಯನ್ನಂತೂ ರುಚಿ ನೋಡಲೂಬಾರದು; ಅಲ್ಲಿ ಪ್ರಶ್ನೆ ಪಾತ್ರೆಯದಲ್ಲ, ಬೊಟುಲಿಸಂನಂಥ ವಿಷದ್ದು.

ಗುರುವಾರ ಅವಳಿಂದ ಇನ್ನೊಂದು ಚಿತ್ರ ಬಂತು. ಸ್ಟೀಲ್ ಡಬ್ಬಿಯ ರಾಜ್ಮಾ ಬಾಣಲೆಯಲ್ಲಿ ಕುದಿಯುತ್ತಿತ್ತು, ಅದರ ಮೇಲೆ ಇನ್ನೂ ಕರಗದ ಎರಡು ಕೆಂಪು ಗಡ್ಡೆಗಳು ತೇಲುತ್ತಿದ್ದವು.